‘ಶುಕ್ರವಾರ ಬರ್ತೀರಾ?’ ಎಂದು ಕೇಳಿದ ಮಾತ್ರಕ್ಕೆ ಟಿಕೆಟ್ ತೆಗೆಸಬೇಡಿ

ಹಲಗೇರಿಯಿಂದ ಬೆಂಗಳೂರಿಗೆ ಹೆಚ್ಚುಕಡಿಮೆ 300 ಕಿಲೋಮೀಟರ್. ರಾತ್ರಿ ರಾಣೇಬೆನ್ನೂರಿಗೆ ಬಂದು ಬಸ್ಸೋ ರೈಲೋ ಹಿಡಿದು, ಮರುದಿನವಿಡೀ ಅಲ್ಲಿ ಕಳೆದು ಊರಿಗೆ ಮರಳುವಷ್ಟರಲ್ಲಿ ಎರಡು ದಿನದ ದುಡಿಮೆ ಹೋಗಿರುತ್ತದೆ. ಹಾಗೆ ಹೋದ ಹುಡುಗ ಹುಡುಗಿಯರಲ್ಲಿ ಹಲವರಿಗೆ ಅಲ್ಲಿ ಇಂಟರ್‌ವ್ಯೂ ಇರುವುದೇ ಇಲ್ಲ. ಅವರಿಗೆ ಯಾರೂ ಸುಳ್ಳು ಹೇಳಿರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದು ವಿಚಾರಣೆಯನ್ನು ಕರೆ ಎಂದು ಓದಿಕೊಂಡು ಹೊರಟಿರುತ್ತಾರೆ, ಅಷ್ಟೆ. ರಾಣೇಬೆನ್ನೂರು, ಬ್ಯಾಡಗಿ, ಹಾವೇರಿ ಕಡೆಯವರು ಫೋನು ಮುಂದೆ ಹಿಡಿದು ‘ಸರ್, ಇದು ಇಂಟರ್‌ವ್ಯೂ ಹೌದೋ ಅಲ್ಲೋ ನೋಡ್ರಿ’ ಎಂದು ಕೇಳುವುದು ಈಗ ಎಷ್ಟು ಹೆಚ್ಚಾಗಿದೆಯೆಂದರೆ, ಒಮ್ಮೆ ಕುಳಿತು ಬರೆದುಬಿಡುವುದೇ ಒಳ್ಳೆಯದು ಅನ್ನಿಸಿತು. ನೇಮಕಾತಿ ಕನ್ಸಲ್ಟೆನ್ಸಿಯ ಕೆಲಸವನ್ನು ಒಳಗಿನಿಂದ ನೋಡಿದವನು ನಾನು. ಆ ಚಾಟ್‌ನ ಆಚೆ ತುದಿಯಲ್ಲಿ ಕೂತವರು ಏನು ಮಾಡುತ್ತಿರುತ್ತಾರೆ ಎಂಬುದು ಗೊತ್ತಾದರೆ, ಅವರ ಮಾತಿನ ಅರ್ಥ ತಾನಾಗಿ ತಿಳಿಯುತ್ತದೆ.

ಒಂದು ಅಳತೆಯನ್ನು ಮೊದಲೇ ಕೊಡುತ್ತೇನೆ. ಇಂಟರ್‌ವ್ಯೂ ಎಂದರೆ ಕೆಲಸ ಕೊಡುವ ಕಂಪನಿಯ ಒಬ್ಬ ವ್ಯಕ್ತಿ ತನ್ನ ದಿನದ ಅರ್ಧ ಗಂಟೆಯನ್ನು ನಿಮ್ಮ ಹೆಸರಿಗೆ ಎತ್ತಿಡುವುದು. ಚಾಟ್‌ನಲ್ಲಿ ಎಷ್ಟೇ ಸಿಹಿ ಮಾತಿರಲಿ, ಆ ಅರ್ಧ ಗಂಟೆ ಎಲ್ಲಿದೆ ಎಂದು ಹುಡುಕಿ. ಸಿಕ್ಕರೆ ಅದು ಕರೆ. ಸಿಗದಿದ್ದರೆ ಅದು ಬರೀ ಆಸಕ್ತಿ.

ಬರೆಯುತ್ತಿರುವವರು ಯಾರು?

ನಿಮಗೆ ಸಂದೇಶ ಕಳಿಸುವವರು ಎರಡು ಬಗೆ. ಕೆಲವರು ಕಂಪನಿಯದೇ ಎಚ್‌ಆರ್ ವಿಭಾಗದವರು. ಉಳಿದವರು ಕಂಪನಿಗೆ ಜನ ಹುಡುಕಿ ಕೊಡುವ ಕನ್ಸಲ್ಟೆನ್ಸಿಯವರು. ನಮ್ಮ ಭಾಗದವರ ಫೋನಿನಲ್ಲಿ ನಾನು ಕಂಡ ಚಾಟ್‌ಗಳಲ್ಲಿ ಎರಡನೆಯವರದೇ ಹೆಚ್ಚು. ಕನ್ಸಲ್ಟೆನ್ಸಿಗೆ ದುಡ್ಡು ಕೊಡುವುದು ಕಂಪನಿ, ಅದೂ ನೀವು ಕೆಲಸಕ್ಕೆ ಸೇರಿದ ಮೇಲೆ. ಆ ಶುಲ್ಕ ಹಲವು ಕಡೆ ವಾರ್ಷಿಕ ಸಂಬಳದ ಶೇ 8.33, ಅಂದರೆ ಒಂದು ತಿಂಗಳ ಸಂಬಳದಷ್ಟು. ಒಂದು ಹುದ್ದೆಗೆ ಎರಡು ಮೂರು ಕನ್ಸಲ್ಟೆನ್ಸಿಗಳು ಏಕಕಾಲಕ್ಕೆ ಹುಡುಕುತ್ತಿರುತ್ತವೆ. ಯಾರು ಮೊದಲು ಒಳ್ಳೆಯ ಪ್ರೊಫೈಲ್ ಕಳಿಸುತ್ತಾರೋ ಅವರಿಗೆ ಲಾಭ. ಆದ್ದರಿಂದ ರಿಕ್ರೂಟರ್ ಅವಸರದಲ್ಲಿರುತ್ತಾರೆ. ಆ ಅವಸರ ಅವರದು, ಕಂಪನಿಯದಲ್ಲ. ನಮ್ಮ ಹುಡುಗರು ಅದನ್ನು ಕಂಪನಿಯ ಅವಸರ ಎಂದು ತಿಳಿಯುತ್ತಾರೆ.

ಹಾಗಾಗಿ ಮೊದಲ ಕೆಲಸ, ‘ನೀವು ಕಂಪನಿಯವರೋ, ಕನ್ಸಲ್ಟೆನ್ಸಿಯವರೋ?’ ಎಂದು ಕೇಳುವುದು. ಇದರಲ್ಲಿ ಸಂಕೋಚ ಬೇಡ, ದಿನಾ ಕೇಳಿಸಿಕೊಳ್ಳುವ ಪ್ರಶ್ನೆ ಅದು. ಕನ್ಸಲ್ಟೆನ್ಸಿ ಎಂದು ಗೊತ್ತಾದರೆ ನಿಮ್ಮ ಪ್ರೊಫೈಲ್ ಇನ್ನೂ ಒಂದು ಹೊಸ್ತಿಲು ದಾಟಬೇಕಿದೆ ಎಂದು ತಿಳಿಯಿರಿ. ಅವರು ಕಳಿಸಬೇಕು, ಕಂಪನಿಯವರು ತೆರೆದು ನೋಡಬೇಕು, ಆ ವಿಭಾಗದ ಮ್ಯಾನೇಜರ್ ‘ಇವರನ್ನು ಮಾತಾಡಿಸೋಣ’ ಎನ್ನಬೇಕು. ಅಲ್ಲಿಯವರೆಗೆ ಇಂಟರ್‌ವ್ಯೂ ಹುಟ್ಟಿರುವುದಿಲ್ಲ.

ಒಂದು ಚಾಟ್ ಓದೋಣ

ಒಂದು ಉದಾಹರಣೆ. ಹಲಗೇರಿಯ ಹುಡುಗ, ಬಿ.ಕಾಂ. ಆಗಿದೆ, ರಾಣೇಬೆನ್ನೂರಿನ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಮೂರು ವರ್ಷದಿಂದ ಟ್ಯಾಲಿ, ಜಿಎಸ್‌ಟಿ ಕೆಲಸ ಮಾಡುತ್ತಿದ್ದಾನೆ ಎಂದಿಟ್ಟುಕೊಳ್ಳಿ. ನೌಕ್ರಿಯಲ್ಲಿ ರೆಸ್ಯೂಮೆ ಹಾಕಿದ್ದಾನೆ. ಮಂಗಳವಾರ ಬೆಳಿಗ್ಗೆ ಸಂದೇಶ ಬರುತ್ತದೆ. ಇಂಥವು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತವೆ, ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ.

‘ಹಾಯ್, ನೌಕ್ರಿಯಲ್ಲಿ ನಿಮ್ಮ ಪ್ರೊಫೈಲ್ ನೋಡಿದೆ. ಬೆಂಗಳೂರಿನ ಒಂದು ದೊಡ್ಡ ಎಂಎನ್‌ಸಿಯಲ್ಲಿ ಅಕೌಂಟ್ಸ್ ಎಕ್ಸಿಕ್ಯೂಟಿವ್ ಓಪನಿಂಗ್ ಇದೆ. ಆಸಕ್ತಿ ಇದ್ದರೆ ಅಪ್‌ಡೇಟೆಡ್ ರೆಸ್ಯೂಮೆ ಕಳಿಸಿ.’

ಇದು ಒಬ್ಬರಿಗೆ ಬರೆದದ್ದಲ್ಲ. ನೌಕ್ರಿಯಲ್ಲಿ ‘ಟ್ಯಾಲಿ, ಜಿಎಸ್‌ಟಿ, 2ರಿಂದ 4 ವರ್ಷ’ ಎಂದು ಹುಡುಕಿದಾಗ ಬಂದ ಹೆಸರುಗಳಿಗೆಲ್ಲ ಹೋಗಿದೆ. ಪ್ರೊಫೈಲ್ ನೋಡಿದೆ ಎನ್ನುತ್ತಾರೆ, ಆದರೆ ಪ್ರೊಫೈಲಿನೊಳಗಿನ ಒಂದು ಸಂಗತಿಯೂ ಸಂದೇಶದಲ್ಲಿಲ್ಲ. ‘ನೀವು ಆಡಿಟ್ ಕಚೇರಿಯಲ್ಲಿ ಇದ್ದೀರಲ್ಲ, ಕಂಪನಿ ಅಕೌಂಟ್ಸ್ ಮಾಡಿದ್ದೀರಾ?’ ಎಂದು ಕೇಳಿದ್ದರೆ ನಿಜವಾಗಿ ಓದಿದ್ದಾರೆ ಎನ್ನಬಹುದಿತ್ತು. ಹಾಗಂತ ಉತ್ತರಿಸದೆ ಬಿಡಬೇಡಿ, ರೆಸ್ಯೂಮೆ ಕಳಿಸಿ. ಕಳಿಸುವುದಕ್ಕೆ ಖರ್ಚಿಲ್ಲ.

ರೆಸ್ಯೂಮೆ ಹೋದ ಹತ್ತು ನಿಮಿಷಕ್ಕೆ ಇನ್ನೊಂದು ಸಂದೇಶ: ‘ಈ ಡೀಟೇಲ್ಸ್ ಕೊಡಿ. ಒಟ್ಟು ಅನುಭವ, ಕರೆಂಟ್ ಸಿಟಿಸಿ, ಎಕ್ಸ್‌ಪೆಕ್ಟೆಡ್ ಸಿಟಿಸಿ, ನೋಟಿಸ್ ಪೀರಿಯಡ್, ಈಗಿರುವ ಊರು, ಇಂಟರ್‌ವ್ಯೂಗೆ ಅವೈಲಬಿಲಿಟಿ.’ ಹುಡುಗ ಎಲ್ಲವನ್ನೂ ತುಂಬಿ ಕಳಿಸುತ್ತಾನೆ. ಸಂಜೆ ಮತ್ತೆ ಬರುತ್ತದೆ: ‘ಶುಕ್ರವಾರ ಇಂಟರ್‌ವ್ಯೂಗೆ ಅವೈಲಬಲ್ ಇದ್ದೀರಾ?’ ಇವನು ‘ಇದ್ದೇನೆ ಮೇಡಂ’ ಎನ್ನುತ್ತಾನೆ. ‘ಗ್ರೇಟ್. ನಿಮ್ಮ ಪ್ರೊಫೈಲ್ ಶಾರ್ಟ್‌ಲಿಸ್ಟ್ ಆಗಿದೆ. ಟೀಮ್ ಜೊತೆ ಮಾತಾಡಿ ತಿಳಿಸುತ್ತೇನೆ.’

ಇಲ್ಲಿಗೆ ನಮ್ಮ ಹುಡುಗನ ಮನೆಯಲ್ಲಿ ಸುದ್ದಿಯಾಗುತ್ತದೆ. ಅಪ್ಪ ‘ಯಾವ ಕಂಪನಿ ತಮ್ಮಾ?’ ಎಂದು ಕೇಳಿದರೆ ‘ದೊಡ್ಡದಪಾ, ಎಂಎನ್‌ಸಿ’ ಎನ್ನುತ್ತಾನೆ. ಕಚೇರಿಯಲ್ಲಿ ರಜೆ ಕೇಳುತ್ತಾನೆ, ಅದೂ ಜಿಎಸ್‌ಟಿಆರ್-3ಬಿ ತುಂಬುವ 20ನೇ ತಾರೀಖು ಹತ್ತಿರ ಬಂದಿರುವಾಗ. ಗುರುವಾರ ರಾತ್ರಿಯ ಬಸ್ಸಿಗೆ ಸೀಟು ಹಿಡಿಯುತ್ತಾನೆ. ಗುರುವಾರ ಸಂಜೆಯಾದರೂ ಆ ಕಡೆಯಿಂದ ಏನೂ ಬರುವುದಿಲ್ಲ. ‘ಹೋಗಿ ಅಲ್ಲಿಂದಲೇ ಫೋನ್ ಮಾಡಿದರಾಯಿತು’ ಎಂದು ಬಸ್ಸು ಹತ್ತಿದವರೂ ಇದ್ದಾರೆ.

ಕೇಳಿದ ದಿನ ಬೇರೆ, ಕೊಟ್ಟ ದಿನ ಬೇರೆ

ಈ ಲೇಖನದಲ್ಲಿ ಬೇರೆ ಏನು ಮರೆತರೂ ಇದೊಂದನ್ನು ನೆನಪಿಡಿ. ಜನ ಎಡವುವುದು ಇಲ್ಲೇ.

ಅವೈಲಬಿಲಿಟಿ ಯಾಕೆ ಕೇಳುತ್ತಾರೆ? ಕನ್ಸಲ್ಟೆನ್ಸಿಯವರು ಕಂಪನಿಗೆ ಪ್ರೊಫೈಲ್ ಕಳಿಸುವಾಗ ರೆಸ್ಯೂಮೆ ಜೊತೆ ಒಂದು ಎಕ್ಸೆಲ್ ಹಾಳೆ ಹೋಗುತ್ತದೆ. ಕಚೇರಿಯಲ್ಲಿ ಅದನ್ನು ಟ್ರ್ಯಾಕರ್ ಎನ್ನುತ್ತಾರೆ. ಹೆಸರು, ಫೋನ್, ಅನುಭವ, ಈಗಿನ ಸಂಬಳ, ನಿರೀಕ್ಷೆ, ನೋಟಿಸ್ ಪೀರಿಯಡ್, ಊರು ಎಂದು ಒಂದೊಂದಕ್ಕೂ ಒಂದೊಂದು ಅಂಕಣ. ಕೊನೆಯ ಕಡೆ ‘ಇಂಟರ್‌ವ್ಯೂಗೆ ಯಾವಾಗ ಸಿಗುತ್ತಾರೆ’ ಎಂಬ ಅಂಕಣವೂ ಇರುತ್ತದೆ. ಅದು ಖಾಲಿ ಇದ್ದರೆ ಟೀಮ್ ಲೀಡರ್ ಹಾಳೆಯನ್ನು ವಾಪಸ್ ಕಳಿಸುತ್ತಾರೆ. ಹಾಗಾಗಿ ಕಂಪನಿ ನಿಮ್ಮ ಹೆಸರನ್ನೇ ಕೇಳಿರದ ಹೊತ್ತಿನಲ್ಲೂ ನಿಮ್ಮಿಂದ ದಿನ ಕೇಳಿ ಬರೆದುಕೊಂಡಿರಬೇಕು. ‘ಶುಕ್ರವಾರ ಇದ್ದೀರಾ?’ ಎಂಬುದು ಆ ಅಂಕಣಕ್ಕಾಗಿ ಕೇಳಿದ್ದು. ಶುಕ್ರವಾರ ಕಂಪನಿಯಲ್ಲಿ ಒಬ್ಬರು ನಿಮಗಾಗಿ ಕಾಯುತ್ತಾರೆ ಎಂದು ಅದರ ಅರ್ಥವಲ್ಲ.

ಶಾರ್ಟ್‌ಲಿಸ್ಟ್ ಎಂಬ ಮಾತಿನ ಕಥೆಯೂ ಹೀಗೇ. ಶಾರ್ಟ್‌ಲಿಸ್ಟ್ ಮಾಡಿದವರು ಯಾರು ಎಂದು ಕೇಳಿ. ನೂರಾರು ರೆಸ್ಯೂಮೆಗಳಲ್ಲಿ ಕಂಪನಿಗೆ ಕಳಿಸಲು ಕೆಲವನ್ನು ಆರಿಸಿಕೊಳ್ಳುವ ರಿಕ್ರೂಟರ್ ಕೂಡ ‘ಶಾರ್ಟ್‌ಲಿಸ್ಟ್ ಮಾಡಿದೆ’ ಎಂದೇ ಹೇಳುತ್ತಾರೆ, ಅವರ ಮಟ್ಟಿಗೆ ಅದು ನಿಜ. ಕಂಪನಿಯ ಮ್ಯಾನೇಜರ್ ಟಿಕ್ ಹಾಕಿದಾಗಲೂ ಅದೇ ಮಾತು ಬರುತ್ತದೆ. ಎರಡಕ್ಕೂ ನಡುವೆ ದೊಡ್ಡ ಅಂತರವಿದೆ. ಮೇಲಿನ ಚಾಟ್‌ನಲ್ಲಿ ಡೀಟೇಲ್ಸ್ ಕೊಟ್ಟ ದಿನವೇ ಸಂಜೆ ಶಾರ್ಟ್‌ಲಿಸ್ಟ್ ಆಯಿತಲ್ಲ, ಅದರಲ್ಲೇ ಸುಳಿವಿದೆ. ಅಷ್ಟು ಬೇಗ ಕಂಪನಿಯಿಂದ ಉತ್ತರ ಬರುವುದು ಅಪರೂಪ. ಅದರ ಮುಂದಿನ ಸಾಲು ಇನ್ನೂ ಸ್ಪಷ್ಟ. ‘ಟೀಮ್ ಜೊತೆ ಮಾತಾಡಿ ತಿಳಿಸುತ್ತೇನೆ’ ಎಂದರೆ ಮಾತಾಡುವುದು ಇನ್ನೂ ಬಾಕಿ ಇದೆ. ಮೊದಲ ಸಾಲಿಗೆ ಹಿಗ್ಗಿ ಎರಡನೆಯದನ್ನು ಓದದೆ ಬಿಡುತ್ತಾರೆ.

ನಿಜವಾದ ಕರೆ ಬಂದಾಗ ಮಾತಿನ ಧಾಟಿಯೇ ಬದಲಾಗಿರುತ್ತದೆ. ಅದೇ ಹುಡುಗನಿಗೆ ಮುಂದಿನ ವಾರ ಹೀಗೆ ಬಂತು ಎನ್ನಿ: ‘ಕ್ಲೈಂಟ್ ನಿಮ್ಮ ಪ್ರೊಫೈಲ್ ಸೆಲೆಕ್ಟ್ ಮಾಡಿದ್ದಾರೆ. ಬುಧವಾರ ಮಧ್ಯಾಹ್ನ 2.30ಕ್ಕೆ ಟೀಮ್ಸ್‌ನಲ್ಲಿ ಮೊದಲ ರೌಂಡ್, 30 ನಿಮಿಷ. ಫೈನಾನ್ಸ್ ಮ್ಯಾನೇಜರ್ ತೆಗೆದುಕೊಳ್ಳುತ್ತಾರೆ. ಜಿಎಸ್‌ಟಿ ರಿಕನ್ಸಿಲಿಯೇಷನ್ ಮತ್ತು ಎಕ್ಸೆಲ್ ಮೇಲೆ ಪ್ರಶ್ನೆಗಳಿರುತ್ತವೆ. ಕಂಪನಿಯ ಹೆಸರಿರುವ ಇನ್ವೈಟ್ ನಿಮ್ಮ ಇಮೇಲ್‌ಗೆ ಬಂದಿದೆ, ಅಕ್ಸೆಪ್ಟ್ ಮಾಡಿ ಸ್ಕ್ರೀನ್‌ಶಾಟ್ ಕಳಿಸಿ.’ ಇದರಲ್ಲಿ ಹೊಗಳಿಕೆ ಇಲ್ಲ, ‘ಗ್ರೇಟ್’ ಇಲ್ಲ. ಆದರೆ ಮೊದಲು ಹೇಳಿದ ಅರ್ಧ ಗಂಟೆ ಇಲ್ಲಿದೆ. ದಿನ ಅವರು ಕೊಟ್ಟಿದ್ದಾರೆ, ಗಂಟೆ ಇದೆ, ಎಷ್ಟು ಹೊತ್ತು ಎಂಬುದಿದೆ, ಯಾರು ಮಾತಾಡುತ್ತಾರೆ ಎಂಬುದಿದೆ. ಮೂವತ್ತು ನಿಮಿಷ ಎಂದು ಬರೆಯಬೇಕಾದರೆ ಯಾರದೋ ಕ್ಯಾಲೆಂಡರ್‌ನಲ್ಲಿ ಮೂವತ್ತು ನಿಮಿಷ ಮೀಸಲಾಗಿರಲೇಬೇಕು. ನನ್ನ ಅನುಭವದಲ್ಲಿ ಎಷ್ಟು ಹೊತ್ತು, ಯಾರು ಎಂಬ ಎರಡು ಸಂಗತಿಗಳೇ ಹೆಚ್ಚು ನಂಬಬಹುದಾದ ಗುರುತು. ದಿನ, ಗಂಟೆಯನ್ನು ಯಾರು ಬೇಕಾದರೂ ಅಂದಾಜಿಗೆ ಹೇಳಬಹುದು, ಈ ಎರಡನ್ನು ಹಾಗೆ ಹೇಳುವವರು ಕಡಿಮೆ.

ದಿನ ಕೇಳಿದ ಮಾತ್ರಕ್ಕೆ ಕರೆಯಲ್ಲ ಎಂಬುದಕ್ಕೆ ಒಂದು ಅಪವಾದವಿದೆ. ಕೆಲವು ಕಂಪನಿಗಳು ನೀವೇ ದಿನ ಆರಿಸಿಕೊಳ್ಳಿ ಎಂದು ಕ್ಯಾಲೆಂಡ್ಲಿಯಂಥ ಲಿಂಕ್ ಕಳಿಸುತ್ತವೆ. ತೆರೆದರೆ ಖಾಲಿ ಇರುವ ಹೊತ್ತುಗಳ ಪಟ್ಟಿ ಕಾಣುತ್ತದೆ. ಒಂದನ್ನು ಒತ್ತಿದ ಕೂಡಲೇ ಖಚಿತಪಡಿಸುವ ಮೇಲ್ ಬರುತ್ತದೆ. ಇಲ್ಲಿ ದಿನ ಕೇಳಿದ್ದರೂ ಇದು ನಿಜವಾದ ಕರೆಯೇ. ಯಾಕೆಂದರೆ ಆ ಪಟ್ಟಿ ಕಂಪನಿಯವರ ಕ್ಯಾಲೆಂಡರ್‌ನಿಂದಲೇ ಬಂದದ್ದು, ನೀವು ಒತ್ತಿದ್ದು ಅಲ್ಲಿ ಕೂತಿತು. ಗೂಗಲ್ ಫಾರ್ಮ್ ಕಳಿಸಿ ‘ಯಾವ ದಿನ ಆಗುತ್ತದೆ’ ಎಂದು ಕೇಳುವುದು ಮಾತ್ರ ಹಾಗಲ್ಲ, ಅದು ಮತ್ತೆ ಆ ಟ್ರ್ಯಾಕರ್‌ಗೇ ಹೋಗುತ್ತದೆ.

ಕಂಪನಿಯ ಹೆಸರು ಯಾಕೆ ಹೇಳುವುದಿಲ್ಲ?

‘ದೊಡ್ಡ ಎಂಎನ್‌ಸಿ’ ಎಂದು ಹೆಸರು ಮುಚ್ಚಿಟ್ಟ ಕೂಡಲೇ ಮೋಸ ಎಂದುಕೊಳ್ಳಬೇಕಿಲ್ಲ. ಹೆಸರು ಹೇಳಿದರೆ ನೀವು ನೇರವಾಗಿ ಕಂಪನಿಯ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿಬಿಡುತ್ತೀರಿ, ಅವರ ಶುಲ್ಕ ಹೋಗುತ್ತದೆ ಎಂಬ ಭಯ ಕನ್ಸಲ್ಟೆನ್ಸಿಗಿರುತ್ತದೆ. ಮೊದಲ ಮಾತುಕತೆಯಲ್ಲಿ ಅದನ್ನು ಒಪ್ಪಿಕೊಳ್ಳಬಹುದು. ಆದರೆ ನಿಮ್ಮ ರೆಸ್ಯೂಮೆಯನ್ನು ಕಂಪನಿಗೆ ಕಳಿಸುವ ಮೊದಲು ಹೆಸರು ಹೇಳಲೇಬೇಕು ಎಂದು ನೀವು ಪಟ್ಟು ಹಿಡಿಯಿರಿ. ಕಾರಣವಿದೆ. ಒಂದೇ ಕಂಪನಿಗೆ ಎರಡು ಕನ್ಸಲ್ಟೆನ್ಸಿಗಳು ನಿಮ್ಮ ಹೆಸರು ಕಳಿಸಿದರೆ ಅಲ್ಲಿ ಅದು ಡೂಪ್ಲಿಕೇಟ್ ಎಂದು ಕಾಣಿಸುತ್ತದೆ. ಮೊದಲು ಕಳಿಸಿದವರ ಹೆಸರಿನಲ್ಲಿ ಕೆಲವು ತಿಂಗಳು ನಿಮ್ಮ ಪ್ರೊಫೈಲ್ ಇರಬೇಕೆಂಬ ನಿಯಮ ಹಲವು ಕಂಪನಿಗಳಲ್ಲಿದೆ. ಎರಡು ಕನ್ಸಲ್ಟೆನ್ಸಿಗಳ ಜಗಳದಲ್ಲಿ ಸಿಕ್ಕಿದ ಹೆಸರನ್ನು ಕಂಪನಿಯವರು ಬದಿಗಿಡುವುದೂ ಉಂಟು.

ಇಂಟರ್‌ವ್ಯೂ ದಿನ ಗೊತ್ತಾದ ಮೇಲೂ ಹೆಸರು ಹೇಳದಿದ್ದರೆ ಅಲ್ಲಿ ಇಂಟರ್‌ವ್ಯೂ ಇಲ್ಲ. ಇದರಲ್ಲಿ ನನಗೆ ಸಂಶಯವಿಲ್ಲ. ಬೆಂಗಳೂರಿನ ಟೆಕ್ ಪಾರ್ಕ್‌ಗಳ ಗೇಟಿನಲ್ಲಿ ಯಾವ ಕಂಪನಿ, ಯಾರನ್ನು ಕಾಣಬೇಕು ಎಂದು ಕೇಳಿ, ಗುರುತಿನ ಚೀಟಿ ನೋಡಿಯೇ ಒಳಗೆ ಬಿಡುತ್ತಾರೆ. ಕಂಪನಿಯ ಹೆಸರೇ ಗೊತ್ತಿಲ್ಲದವರು ಗೇಟನ್ನೂ ದಾಟಲಾರರು.

ಒಂದೇ ಸಂದೇಶದಲ್ಲಿ ಸ್ಪಷ್ಟ ಮಾಡಿಕೊಳ್ಳಿ

ಅನುಮಾನ ಬಂದಾಗ ‘ಕನ್‌ಫರ್ಮ್ ಆಯ್ತಾ ಮೇಡಂ?’ ಎಂದು ಮತ್ತೆ ಮತ್ತೆ ಕೇಳುವುದು ನಮ್ಮವರ ರೂಢಿ. ಅದಕ್ಕೆ ‘ಹಾಂ, ಹೇಳ್ತೀನಿ’ ಎಂಬ ಉತ್ತರವೇ ಬರುವುದು. ಹೌದು ಅಲ್ಲ ಎಂದು ಹೇಳಿ ಮುಗಿಸಬಹುದಾದ ಪ್ರಶ್ನೆ ಕೇಳಬೇಡಿ, ಮಾಹಿತಿ ಕೊಡದೆ ಉತ್ತರಿಸಲಾಗದಂಥ ಪ್ರಶ್ನೆ ಕೇಳಿ. ನಾನು ಹೇಳಿಕೊಡುವ ಸಂದೇಶ ಇದು:

‘ನಮಸ್ಕಾರ ಮೇಡಂ. ನಾನು ರಾಣೇಬೆನ್ನೂರು ಕಡೆಯಿಂದ ಬರಬೇಕು, 300 ಕಿಲೋಮೀಟರ್ ಆಗುತ್ತದೆ. ನನ್ನ ಪ್ರೊಫೈಲನ್ನು ಕಂಪನಿಯವರು ಸೆಲೆಕ್ಟ್ ಮಾಡಿದ್ದಾರೆಯೇ, ಅಥವಾ ಇನ್ನೂ ಕಳಿಸಬೇಕಿದೆಯೇ? ಆಗಿದ್ದರೆ ಕಂಪನಿಯ ಹೆಸರು, ದಿನ, ಸಮಯ, ಯಾರು ಇಂಟರ್‌ವ್ಯೂ ಮಾಡುತ್ತಾರೆ, ಮೊದಲ ರೌಂಡ್ ಆನ್‌ಲೈನ್ ಆಗಬಹುದೇ ಎಂಬುದನ್ನು ಇಮೇಲ್‌ನಲ್ಲಿ ಕಳಿಸಿ. ಆ ಇಮೇಲ್ ಬಂದ ಮೇಲೆ ನಾನು ರಜೆ ಹಾಕುತ್ತೇನೆ.’

ದೂರವನ್ನು ಬರೆಯಲು ಹೇಳಿದ್ದಕ್ಕೆ ಕಾರಣವಿದೆ. ಇಂಟರ್‌ವ್ಯೂ ಗೊತ್ತು ಮಾಡಿದ ಮೇಲೆ ಅಭ್ಯರ್ಥಿ ಬರದೇ ಹೋದರೆ ರಿಕ್ರೂಟರ್‌ಗೆ ಕಂಪನಿಯ ಮುಂದೆ ಅವಮಾನ. ‘ನೋ-ಶೋ’ ಎಂದು ಅದಕ್ಕೂ ಲೆಕ್ಕವಿರುತ್ತದೆ. ನಿಜವಾದ ಇಂಟರ್‌ವ್ಯೂ ಇದ್ದವರು ಇಷ್ಟು ದೂರದಿಂದ ಬರುವವರ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುತ್ತಾರೆ, ಹಿಂದಿನ ದಿನ ಫೋನ್ ಕೂಡ ಮಾಡುತ್ತಾರೆ. ಇಲ್ಲದವರು ‘ತಿಳಿಸುತ್ತೇನೆ’ ಎನ್ನುತ್ತಾರೆ ಅಥವಾ ಸುಮ್ಮನಾಗುತ್ತಾರೆ. ಸುಮ್ಮನಾದರೆ ಸಿಟ್ಟಾಗಬೇಡಿ. ಕಂಪನಿಯಿಂದ ಉತ್ತರ ಬಾರದೆ ಅವರೂ ಕಾಯುತ್ತಿರಬಹುದು. ಎರಡು ಕೆಲಸದ ದಿನ ಬಿಟ್ಟು ಒಮ್ಮೆ ಕೇಳಿ, ಒಂದು ವಾರ ಬಿಟ್ಟು ಇನ್ನೊಮ್ಮೆ ಕೇಳಿ. ಆಮೇಲೆ ಬಿಟ್ಟುಬಿಡಿ. ನಂಬರ್ ಮಾತ್ರ ಅಳಿಸಬೇಡಿ, ಎರಡು ತಿಂಗಳ ನಂತರ ಬೇರೆ ಹುದ್ದೆಗೆ ಅವರೇ ಕರೆಯಬಹುದು.

ಇನ್ವೈಟ್ ಬಂತೇ ಎಂದು ನೋಡುವಾಗ ಸ್ಪ್ಯಾಮ್ ಫೋಲ್ಡರ್ ಕೂಡ ನೋಡಿ. ಮೇಲ್ ಕಂಪನಿಯ ಹೆಸರಿನ ವಿಳಾಸದಿಂದಲೇ ಬರಬೇಕೆಂದೂ ಇಲ್ಲ. ದೊಡ್ಡ ಕಂಪನಿಗಳು ನೇಮಕಾತಿಗೆ ಬೇರೆ ಸಾಫ್ಟ್‌ವೇರ್ ಬಳಸುತ್ತವೆ. ವರ್ಕ್‌ಡೇ ಬಳಸುವ ಕಂಪನಿಯ ಮೇಲ್ ಸಾಮಾನ್ಯವಾಗಿ @myworkday.com ಎಂದು ಕೊನೆಯಾಗುವ ವಿಳಾಸದಿಂದ ಬರುತ್ತದೆ. ಯಂತ್ರ ಬರೆದಂತಿದೆ ಎಂದು ನಿಜವಾದ ಕರೆಯನ್ನು ತೆರೆಯದೆ ಬಿಟ್ಟವರನ್ನೂ ಕಂಡಿದ್ದೇನೆ, ಅದು ಇನ್ನೂ ದೊಡ್ಡ ನಷ್ಟ.

ವಾಕ್-ಇನ್ ಬಗ್ಗೆ ಎರಡು ಮಾತು

ವಾಕ್-ಇನ್ ಸಂದೇಶದಲ್ಲಿ ದಿನ, ಗಂಟೆ, ವಿಳಾಸ, ಕಾಣಬೇಕಾದವರ ಹೆಸರು ಎಲ್ಲವೂ ಇರುತ್ತವೆ. ಆದರೂ ಅದು ನಿಮ್ಮೊಬ್ಬರಿಗೆ ಬಂದ ಕರೆಯಲ್ಲ. ಇಂಥ ದಿನ ಇಷ್ಟು ಜನರನ್ನು ಕಳಿಸಬೇಕೆಂಬ ಗುರಿ ರಿಕ್ರೂಟರ್‌ಗಿರುತ್ತದೆ, ಅದನ್ನು ಲೈನ್‌ಅಪ್ ಎನ್ನುತ್ತಾರೆ. ಬಿಪಿಒ ಕೆಲಸಗಳಿಗೆ ಹೀಗೆ ಕರೆಯುವುದು ಹೆಚ್ಚು, ಅಲ್ಲಿ ಕೆಲಸ ಸಿಗುವುದೂ ನಿಜ. ಆದರೆ ನಿಮ್ಮ ರೆಸ್ಯೂಮೆ ಅಲ್ಲಿ ಯಾರೂ ಓದಿರುವುದಿಲ್ಲ. ಬೆಂಗಳೂರಿನಲ್ಲಿ ಇರುವವರಿಗೆ ಸರಿ, ಹಲಗೇರಿಯಿಂದ ಅದೊಂದಕ್ಕಾಗಿ ಹೋಗುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಹೋಗಲೇಬೇಕೆಂದರೆ ಅದೇ ದಿನಕ್ಕೆ ಇನ್ನೆರಡು ಕಡೆ ಹೊಂದಿಸಿಕೊಂಡು ಹೋಗಿ.

ಉಳಿದ ಜಾಗ ಕಡಿಮೆ, ಆದರೂ ಇದನ್ನು ಹೇಳಲೇಬೇಕು. ಚಾಟ್ ನಂಬಿ ಇರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ಆಫರ್ ಲೆಟರ್ ಕೈಗೆ ಬರಲಿ. ಇಂಟರ್‌ವ್ಯೂ ಗೊತ್ತು ಮಾಡಲು ಆಧಾರ್ ಪ್ರತಿ, ಬ್ಯಾಂಕ್ ವಿವರ, ಒಟಿಪಿ ಯಾವುದೂ ಬೇಕಾಗುವುದಿಲ್ಲ. ರಿಜಿಸ್ಟ್ರೇಷನ್, ಟ್ರೈನಿಂಗ್, ಲ್ಯಾಪ್‌ಟಾಪ್ ಡಿಪಾಸಿಟ್ ಎಂದು ಯಾವ ಹೆಸರಿನಲ್ಲಿ ಹಣ ಕೇಳಿದರೂ ಮಾತು ಅಲ್ಲಿಗೇ ನಿಲ್ಲಿಸಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. cybercrime.gov.in ನಲ್ಲಿ ಅಥವಾ ಹಾವೇರಿಯ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ, ಚಾಟ್ ಅಳಿಸದೆ ಇಟ್ಟುಕೊಳ್ಳಿ.